‘ನಿನ್ನ ಅಬ್ಬಾಗೆ ಹೇಳು’: ಮನೆಯೊಳಗಿನ ತ್ರಿಕೋನ

ಮೊದಲನೇ ಪಿಯುಸಿಯಲ್ಲಿ ಕಾಮರ್ಸ್‌ನವರು ನಾವೆಲ್ಲರೂ ತಾಳೆ ಪಟ್ಟಿ ಮಾಡಿದ್ದೇವೆ. ಡೆಬಿಟ್ ಕಡೆ ಒಂದು ಮೊತ್ತ ಬರುತ್ತದೆ, ಕ್ರೆಡಿಟ್ ಕಡೆ ಇನ್ನೊಂದು. ತಪ್ಪು ಎಲ್ಲಿದೆ ಎಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆಗ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಅಕೌಂಟ್ ಎಂಬ ಬೇರೊಂದು ಖಾತೆಗೆ ಹಾಕುತ್ತೇವೆ. ತಕ್ಷಣ ಎರಡೂ ಕಡೆ ಸಮವಾಗಿ ಕಾಣುತ್ತದೆ. ಆದರೆ ತಪ್ಪು ಇದ್ದ ಜಾಗದಲ್ಲೇ ಇರುತ್ತದೆ. ಅದು ಸಿಗುವವರೆಗೆ ಆ ಖಾತೆ ಮುಚ್ಚುವುದಿಲ್ಲ.

ಕಳೆದ ವರ್ಷ ಜುಲೈಯಿಂದ ಅಕ್ಟೋಬರ್‌ವರೆಗೆ ನಮ್ಮ ಮನೆಯಲ್ಲಿ ಆ ಸಸ್ಪೆನ್ಸ್ ಅಕೌಂಟ್ ನಾನೇ ಆಗಿದ್ದೆ. ಅದಕ್ಕೊಂದು ಹೆಸರಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಕಾಲೇಜಿಗೆ ತಿಂಗಳಿಗೊಮ್ಮೆ ಬರುವ ಆಪ್ತಸಮಾಲೋಚಕಿ ಮೇಡಂ ಒಂದು ದಿನ ಬೋರ್ಡಿನ ಮೇಲೆ ತ್ರಿಕೋನ ಬರೆದು ಅದರ ಬಗ್ಗೆ ಪಾಠ ಮಾಡಿದರು. ನಂತರ ಅವರು ಕೊಟ್ಟ ಪುಸ್ತಕಗಳಿಂದ ಓದಿಕೊಂಡದ್ದನ್ನೂ ನಮ್ಮ ಮನೆಯಲ್ಲಿ ನಡೆದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು

ನಮ್ಮ ಮನೆಯಲ್ಲಿ ಐದು ಜನ: ದಾದಿ, ಅಬ್ಬಾ, ಅಮ್ಮಿ, ಬಾಜಿ ಮತ್ತು ನಾನು. ಬಾಜಿಯ ಬಿ.ಎಡ್. ಫೀಸಿಗೆಂದು ಅಮ್ಮಿ ಮತ್ತು ಅಬ್ಬಾ ಸೇರಿ 40,000 ರೂಪಾಯಿ ಕೂಡಿಸಿಟ್ಟಿದ್ದರು. ಅದರಲ್ಲಿ ಅಮ್ಮಿ ಬಟ್ಟೆ ಹೊಲಿದು ಸೇರಿಸಿದ್ದೂ ಇತ್ತು. ಆ ಹಣವನ್ನು ಅಬ್ಬಾ ಅಮ್ಮಿಗೆ ಹೇಳದೆ ಚಾಚಾಗೆ ಕೊಟ್ಟರು. ವಿಷಯ ಅಮ್ಮಿಗೆ ಗೊತ್ತಾದದ್ದು ಅಬ್ಬಾರಿಂದಲ್ಲ, ಫೋನಿನಲ್ಲಿ ಮಾತಾಡುವಾಗ ಫುಫ್ಫಿಯ ಬಾಯಿಂದ.

ಜಗಳ ಆಗಲಿಲ್ಲ. ಕೂಗಾಟವೂ ಇರಲಿಲ್ಲ. ಅಮ್ಮಿ ಮತ್ತು ಅಬ್ಬಾ ಒಬ್ಬರಿಗೊಬ್ಬರು ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು, ಅಷ್ಟೇ. ಅಬ್ಬಾ ಎರಡು ಮಾರು ದೂರದಲ್ಲಿ ಕೂತಿದ್ದರೂ ಅಮ್ಮಿ ನನ್ನ ಕಡೆ ತಿರುಗಿ “ತೇರೆ ಅಬ್ಬಾಕು ಬೋಲ್, ಅಕ್ಕಿ ಮುಗಿದಿದೆ” ಎನ್ನುತ್ತಿದ್ದರು. ಅಬ್ಬಾ ನನ್ನ ಕಡೆ ನೋಡಿ “ಸಂಜೆ ತರ್ತೀನಿ ಅಂತ ಹೇಳು” ಎನ್ನುತ್ತಿದ್ದರು. ಬಾಜಿ ಟ್ಯೂಷನ್ ಹೇಳಿಕೊಡಲು ಹೋಗುತ್ತಿದ್ದಳು, ದಾದಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಮನೆಯಲ್ಲಿ ಸಿಗುತ್ತಿದ್ದವಳು ನಾನೊಬ್ಬಳೇ.

ಮೊದಮೊದಲು ಇದು ನನಗೆ ಇಷ್ಟವೇ ಆಗಿತ್ತು. ಇಬ್ಬರಿಗೂ ನಾನು ಬೇಕಾಗಿದ್ದೆ. ರಾತ್ರಿ ಪಾತ್ರೆ ತೊಳೆಯುವಾಗ ಅಮ್ಮಿ ತಮ್ಮ ಮದುವೆಯ ಹೊಸತರ ಕಥೆಗಳನ್ನೆಲ್ಲ ನನಗೆ ಹೇಳತೊಡಗಿದರು. ಬೆಳಿಗ್ಗೆ ಬೈಕಿನಲ್ಲಿ ಕಾಲೇಜಿಗೆ ಬಿಡುವಾಗ ಅಬ್ಬಾ “ನಿನಗಾದರೂ ಅರ್ಥವಾಗುತ್ತೆ, ನಿನ್ನ ಅಮ್ಮಿಗೆ ಆಗಲ್ಲ” ಎನ್ನುತ್ತಿದ್ದರು. ದೊಡ್ಡವಳಾದೆ ಎಂದುಕೊಂಡೆ.

ತ್ರಿಕೋನ ಎಂದರೇನು

ಈ ವಿಷಯವನ್ನು ಸಿದ್ಧಾಂತವಾಗಿ ಬರೆದವರು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ (1913–1990). 1954ರಿಂದ ಅವರು ವಾಷಿಂಗ್ಟನ್ ನಗರದ ಪಕ್ಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಒಂದು ಹೊಸ ಪ್ರಯೋಗ ನಡೆಸಿದರು. ಸ್ಕಿಜೋಫ್ರೇನಿಯಾ ಕಾಯಿಲೆಯ ರೋಗಿಗಳ ಜೊತೆ ಅವರ ತಾಯಂದಿರನ್ನೂ, ಆಮೇಲೆ ತಂದೆ ಮತ್ತು ಒಡಹುಟ್ಟಿದವರನ್ನೂ ಆಸ್ಪತ್ರೆಯ ವಾರ್ಡಿನಲ್ಲೇ ಉಳಿಸಿಕೊಂಡು, ಕುಟುಂಬ ದಿನವೆಲ್ಲ ಹೇಗೆ ಬದುಕುತ್ತದೆ ಎಂದು ನೋಡಿದರು. ಕಾಯಿಲೆಗೆ ಕುಟುಂಬದೊಳಗೇ ಕಾರಣವಿದೆ ಎಂಬ ಅಂದಿನ ಊಹೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಆ ವಾರ್ಡಿನಲ್ಲಿ ಅವರಿಗೆ ಕಂಡ ಒಂದು ಸಂಗತಿ ಉಳಿದುಕೊಂಡಿದೆ. ಇಬ್ಬರ ನಡುವೆ ಬಿಗುವು ಹೆಚ್ಚಿದಾಗ ಅದು ಆ ಇಬ್ಬರಲ್ಲೇ ನಿಲ್ಲುತ್ತಿರಲಿಲ್ಲ. ಮೂರನೆಯವರೊಬ್ಬರು ಅದರೊಳಗೆ ಬರುತ್ತಿದ್ದರು. ಮನೆಯವರು ಸಿಗದಿದ್ದರೆ ವಾರ್ಡಿನ ಸಿಬ್ಬಂದಿಯಾದರೂ ಸರಿ.

ಬೋವೆನ್ ಹೇಳುವುದು ಇದು: ಶಾಂತವಾಗಿರುವಾಗ ಇಬ್ಬರ ಸಂಬಂಧ ಚೆನ್ನಾಗಿ ನಡೆಯುತ್ತದೆ. ಆತಂಕ ಒಂದು ಮಟ್ಟ ದಾಟಿದಾಗ ಇಬ್ಬರಿಂದ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ಆಗ ಯಾರೋ ಒಬ್ಬರು, ಹೆಚ್ಚಾಗಿ ಹೆಚ್ಚು ಕಷ್ಟದಲ್ಲಿರುವವರು, ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಭಾರ ಮೂರು ಕಡೆ ಹಂಚಿಹೋಗುವುದರಿಂದ ತಾತ್ಕಾಲಿಕವಾಗಿ ನೆಮ್ಮದಿ ಸಿಗುತ್ತದೆ. ಅದಕ್ಕೇ ಅವರು ತ್ರಿಕೋನವನ್ನು ಸಂಬಂಧಗಳ ಅತಿ ಚಿಕ್ಕ ಸ್ಥಿರ ಘಟಕ ಎಂದು ಕರೆದರು. ಎರಡು ಕಾಲಿನ ಸ್ಟೂಲು ನಿಲ್ಲುವುದಿಲ್ಲ, ಮೂರು ಕಾಲಿನದು ನಿಲ್ಲುತ್ತದೆ.

ತ್ರಿಕೋನ ಇರುವುದೇ ತಪ್ಪು ಎಂದು ಇದರ ಅರ್ಥವಲ್ಲ. ಯಾವ ಮನೆಯಲ್ಲಾದರೂ ತ್ರಿಕೋನಗಳು ಇರುತ್ತವೆ. ಐದು ಜನರಿಂದ ಮೂವರನ್ನು ಆರಿಸುವ ಲೆಕ್ಕ ಮಾಡಿದರೆ ನಮ್ಮ ಮನೆಯಲ್ಲೇ 10 ತ್ರಿಕೋನಗಳಿವೆ. ಚಾಚಾರನ್ನು ಸೇರಿಸಿದರೆ ಆರು ಜನ, 20 ತ್ರಿಕೋನ. ತೊಂದರೆ ಶುರುವಾಗುವುದು ಒಂದೇ ತ್ರಿಕೋನ ಗಟ್ಟಿಯಾಗಿ, ಪ್ರತಿ ಸಲವೂ ಅದೇ ಮೂರನೆಯವರ ಮೇಲೆ ಭಾರ ಬೀಳುವಾಗ. ಹಾಗೆ ಎಳೆದುಕೊಳ್ಳುವುದನ್ನು ಟ್ರಯಾಂಗ್ಯುಲೇಷನ್, ಅಂದರೆ ತ್ರಿಕೋನೀಕರಣ ಎನ್ನುತ್ತಾರೆ.

ನಾನು ಮಾಡಿದ ಮೂರು ಕೆಲಸ

ಮೂರನೆಯವರು ಒಂದೇ ಕೆಲಸ ಮಾಡುವುದಿಲ್ಲ. ಹಿಂತಿರುಗಿ ನೋಡಿದರೆ ಆ ನಾಲ್ಕು ತಿಂಗಳಲ್ಲಿ ನಾನು ಮೂರು ಕೆಲಸ ಮಾಡಿದ್ದೆ.

ಮೊದಲನೆಯದು ಸುದ್ದಿ ಒಯ್ಯುವುದು. ಅದೂ ಇದ್ದ ಹಾಗೆ ಅಲ್ಲ, ಸೋಸಿ. ಒಂದು ದಿನ ಅಮ್ಮಿ “ಮಗಳ ಫೀಸಿನ ತಾರೀಖು ನೆನಪಿದೆಯಾ ಕೇಳು. ತಮ್ಮನ ಮನೆಯದು ಮಾತ್ರ ಎಲ್ಲ ನೆನಪಿರುತ್ತೆ” ಎಂದರು. ನಾನು ಅಬ್ಬಾ ಹತ್ತಿರ ಹೋಗಿ “ಫೀಸು ಕಟ್ಟೋಕೆ ಕೊನೇ ದಿನ ಯಾವಾಗ ಅಂತ ಅಮ್ಮಿ ಕೇಳ್ತಿದ್ದಾರೆ” ಎಂದೆ. ಅಬ್ಬಾ ತಲೆ ತಗ್ಗಿಸಿ “ನನಗೂ ನಿದ್ದೆ ಬರ್ತಿಲ್ಲ ಅಂತ ಯಾರಿಗೆ ಹೇಳ್ಲಿ” ಎಂದು ಗೊಣಗಿದರು. ನಾನು ಅಮ್ಮಿ ಹತ್ತಿರ ಬಂದು “ನೋಡ್ತೀನಿ ಅಂದ್ರು” ಎಂದೆ.

ಅಮ್ಮಿಯ ಮಾತಿನ ಮುಳ್ಳು ತೆಗೆದೆ, ಅಬ್ಬಾರ ಮಾನ ಉಳಿಸಿದೆ ಎಂದುಕೊಂಡಿದ್ದೆ. ಈಗ ಓದಿದ ಮೇಲೆ ಬೇರೆಯೇ ಕಾಣುತ್ತಿದೆ. ಅಮ್ಮಿಗೆ ನೋವಾಗಿದೆ ಎಂಬುದು ಅಬ್ಬಾಗೆ ತಲುಪಲೇ ಇಲ್ಲ. ಅಬ್ಬಾಗೆ ನಿದ್ದೆ ಬರುತ್ತಿಲ್ಲ ಎಂಬುದು ಅಮ್ಮಿಗೆ ತಲುಪಲೇ ಇಲ್ಲ. ಅವರಿಬ್ಬರನ್ನು ಹತ್ತಿರ ತರಬಹುದಾಗಿದ್ದ ಎರಡು ಮಾತುಗಳು ನನ್ನಲ್ಲೇ ಉಳಿದವು. ಸುದ್ದಿ ಒಯ್ಯುವವರು ಎಷ್ಟು ಒಳ್ಳೆಯವರಾಗಿದ್ದರೆ ಮೌನ ಅಷ್ಟು ದಿನ ಮುಂದುವರಿಯಬಲ್ಲದು. ಏಕೆಂದರೆ ನೇರವಾಗಿ ಮಾತಾಡಲೇಬೇಕಾದ ಅಗತ್ಯ ಯಾರಿಗೂ ಬರುವುದಿಲ್ಲ.

ಎರಡನೆಯದು ಪಕ್ಷ ಹಿಡಿಯುವುದು. “ನೀನೇ ಹೇಳು, ಯಾರದು ತಪ್ಪು?” ಎಂದು ಇಬ್ಬರೂ ಬೇರೆ ಬೇರೆ ಸಮಯದಲ್ಲಿ ಕೇಳುತ್ತಿದ್ದರು. ಅಮ್ಮಿಯ ಹತ್ತಿರ “ಹೌದು ಅಮ್ಮಿ” ಎನ್ನುತ್ತಿದ್ದೆ, ಬೈಕಿನ ಮೇಲೆ “ಹೌದು ಅಬ್ಬಾ” ಎನ್ನುತ್ತಿದ್ದೆ. ಎರಡು ಕಡೆಯೂ ಸುಳ್ಳು ಹೇಳುತ್ತಿದ್ದೇನೆ ಎನಿಸಿ ಹೊಟ್ಟೆಯಲ್ಲಿ ಸಂಕಟ.

ಮೂರನೆಯದು ನನಗೇ ತಿಳಿಯದೆ ನಡೆದದ್ದು. ಜೂನ್ ಕೊನೆಯ ಅಕೌಂಟೆನ್ಸಿ ಕಿರುಪರೀಕ್ಷೆಯಲ್ಲಿ ನನಗೆ 50ಕ್ಕೆ 41 ಬಂದಿತ್ತು. ಸೆಪ್ಟೆಂಬರಿನಲ್ಲಿ 23 ಬಂತು. ಉತ್ತರ ಪತ್ರಿಕೆಗೆ ಸಹಿ ಬೇಕಿತ್ತು. ಎಷ್ಟೋ ವಾರಗಳ ನಂತರ ಮೊದಲ ಬಾರಿ ಅಮ್ಮಿ ಮತ್ತು ಅಬ್ಬಾ ಒಂದೇ ಸೋಫಾದ ಮೇಲೆ ಕೂತರು. “ಇವಳ ಮೊಬೈಲು ತೆಗೆದಿಡಿ” ಎಂದರು ಅಮ್ಮಿ, ಅಬ್ಬಾರ ಮುಖ ನೋಡಿ. “ನಾನೂ ಅದನ್ನೇ ಹೇಳಬೇಕು ಅಂತಿದ್ದೆ” ಎಂದರು ಅಬ್ಬಾ. ಅರ್ಧ ಗಂಟೆ ಇಬ್ಬರೂ ಸೇರಿ ನನಗೆ ಬೈದರು. ನಾನು ಅತ್ತೆ. ಆದರೆ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅವರು ಮಾತಾಡಿದ್ದರು! ಮುಂದಿನ ಪರೀಕ್ಷೆಗೂ ನಾನು ಸರಿಯಾಗಿ ಓದಲಿಲ್ಲ. ಬೇಕೆಂದೇ ಓದಲಿಲ್ಲ ಎಂದು ಹೇಳಲಾರೆ, ಆದರೆ ಓದಬೇಕೆಂಬ ಮನಸ್ಸೂ ಇರಲಿಲ್ಲ.

ಕುಟುಂಬ ಚಿಕಿತ್ಸೆಯ ಇನ್ನೊಬ್ಬ ದೊಡ್ಡ ಹೆಸರು ಸಾಲ್ವಡಾರ್ ಮಿನೂಚಿನ್. ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಕ್ಕಳ ಚಿಕಿತ್ಸಾಲಯ ನಡೆಸಿದವರು. ಅವರು ಇವುಗಳನ್ನು ಬಿಡಿಸಿ ಹೆಸರಿಟ್ಟಿದ್ದಾರೆ. ತಂದೆ ತಾಯಿ ಇಬ್ಬರೂ ಮಗುವನ್ನು ತಮ್ಮ ಕಡೆಗೆ ಕರೆಯುವುದನ್ನು ಮಾತ್ರ ಅವರು ತ್ರಿಕೋನೀಕರಣ ಎನ್ನುತ್ತಾರೆ. ಅಲ್ಲಿ ಮಗು ಒಬ್ಬರಿಗೆ ಹೂಂ ಎಂದರೆ ಇನ್ನೊಬ್ಬರಿಗೆ ದ್ರೋಹ ಮಾಡಿದಂತೆ. ತಮ್ಮ ಜಗಳವನ್ನು ಪಕ್ಕಕ್ಕಿಟ್ಟು ಇಬ್ಬರೂ ಮಗುವಿನ ಸಮಸ್ಯೆಯ ಮೇಲೆ ಒಂದಾಗುವುದು ಬೇರೆ ಬಗೆ. ಅದು ಬಳಸುದಾರಿ. ನನ್ನ 23 ಅಂಕ ಅವರಿಗೆ ಸಿಕ್ಕಿದ ಬಳಸುದಾರಿ.

ಹದಿನೇಳರ ಅಕ್ಕ, ಹನ್ನೆರಡರ ತಂಗಿ

ಇದೆಲ್ಲ ಬರೀ ಮನಸ್ಸಿನ ಮಾತು ಎನ್ನುವವರಿಗೆ ಮಿನೂಚಿನ್ ತಂಡ ವಿವರಿಸಿದ ಒಂದು ಕುಟುಂಬದ ಬಗ್ಗೆ ಹೇಳಬೇಕು. ಅವರ ಹತ್ತಿರ ಬರುತ್ತಿದ್ದ ಕೆಲವು ಸಕ್ಕರೆ ಕಾಯಿಲೆಯ ಮಕ್ಕಳ ವಿಷಯ ವೈದ್ಯರಿಗೆ ಒಗಟಾಗಿತ್ತು. ಇನ್ಸುಲಿನ್ ಸರಿಯಾಗಿ ಕೊಟ್ಟರೂ ಆ ಮಕ್ಕಳು ಮನೆಯಲ್ಲಿ ಮತ್ತೆ ಮತ್ತೆ ಹದಗೆಟ್ಟು ಆಸ್ಪತ್ರೆ ಸೇರುತ್ತಿದ್ದರು, ಆಸ್ಪತ್ರೆಯಲ್ಲಿ ಸುಧಾರಿಸುತ್ತಿದ್ದರು.

ಮನಸ್ಸಿಗೆ ಒತ್ತಡವಾದಾಗ ಶರೀರ ತನ್ನಲ್ಲಿರುವ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಅದನ್ನು ಫ್ರೀ ಫ್ಯಾಟಿ ಆಸಿಡ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಮಗುವಿನಲ್ಲಿ ಇದು ಹೆಚ್ಚಾದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ರಕ್ತ ತೆಗೆದು ಇದನ್ನು ಅಳೆಯಬಹುದಾದ್ದರಿಂದ ಒತ್ತಡಕ್ಕೆ ಒಂದು ಅಳತೆ ಸಿಕ್ಕಿದಂತಾಯಿತು.

ಆ ಕುಟುಂಬದಲ್ಲಿ ಇಬ್ಬರು ಹೆಣ್ಣುಮಕ್ಕಳು, 17 ವರ್ಷದ ಅಕ್ಕ ಮತ್ತು 12 ವರ್ಷದ ತಂಗಿ. ಇಬ್ಬರಿಗೂ ಅದೇ ಕಾಯಿಲೆ. ಆದರೆ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದವಳು ಅಕ್ಕ ಮಾತ್ರ. ತಂದೆ ತಾಯಿಗೆ ತಮ್ಮ ನಡುವಿನ ಒಂದು ಸಮಸ್ಯೆಯ ಬಗ್ಗೆ ಮಾತಾಡಲು ಹೇಳಿದರು. ಹುಡುಗಿಯರು ಒಂದೇ ಕಡೆಯಿಂದ ಕಾಣುವ ಗಾಜಿನ ಹಿಂದೆ ಕೂತು ನೋಡಿದರು. ಮಧ್ಯೆ ಮಧ್ಯೆ ಎಲ್ಲರ ರಕ್ತದ ಮಾದರಿ ತೆಗೆದುಕೊಳ್ಳುತ್ತಿದ್ದರು. ಜಗಳ ನೋಡುತ್ತಿದ್ದಂತೆ ಇಬ್ಬರು ಹುಡುಗಿಯರಲ್ಲೂ ಆ ಮಟ್ಟ ಏರಿತು. ಬಳಿಕ ಅವರನ್ನು ತಂದೆ ತಾಯಿ ಇದ್ದ ಕೋಣೆಗೆ ಕರೆದರು.

ಆಗ ನಡೆದದ್ದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ತಂದೆಯೂ ತಾಯಿಯೂ ಅಕ್ಕನನ್ನೇ ತಮ್ಮ ಕಡೆಗೆ ಎಳೆಯತೊಡಗಿದರು. ತಂಗಿಯ ಬೆಂಬಲವನ್ನು ಯಾರೂ ಕೇಳಲಿಲ್ಲ. ಮಕ್ಕಳು ಒಳಗೆ ಬಂದ ಮೇಲೆ ತಂದೆ ತಾಯಿಯ ರಕ್ತದಲ್ಲಿ ಆ ಮಟ್ಟ ಇಳಿಯಿತು. ಮಾತುಕತೆ ಮುಗಿದ ಮೇಲೆ ತಂಗಿಯದೂ ಇಳಿಯಿತು. ಅಕ್ಕನದು ಮಾತ್ರ ಒಂದೂವರೆ ಗಂಟೆ ಕಳೆದರೂ ಇಳಿಯಲಿಲ್ಲ. ದೊಡ್ಡವರ ಬಿಗುವು ಅವಳ ಮೈಗೆ ದಾಟಿಕೊಂಡು ಅಲ್ಲೇ ನಿಂತಿತ್ತು.

ಇದು ಒಂದು ಕುಟುಂಬದ ವಿವರ. ಆ ತಂಡ ನೋಡಿದ ಕುಟುಂಬಗಳ ಸಂಖ್ಯೆಯೂ ಚಿಕ್ಕದು. ನಂತರ ಬಂದವರು ಇದರ ಬಗ್ಗೆ ಪ್ರಶ್ನೆಗಳನ್ನೂ ಎತ್ತಿದ್ದಾರೆ. ಮನೆಯ ಜಗಳದಿಂದ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಯಾರೂ ತಿಳಿಯಬಾರದು. ಇಬ್ಬರಿಗೂ ಕಾಯಿಲೆ ಇತ್ತು, ಇಬ್ಬರೂ ಒಂದೇ ಜಗಳ ಕಂಡರು. ಜಗಳ ನೋಡುವುದು ಬೇರೆ, ಅದರೊಳಗೆ ಎಳೆಯಲ್ಪಡುವುದು ಬೇರೆ ಎಂಬುದಷ್ಟೇ ಇಲ್ಲಿರುವ ಪಾಠ.

ಯಾವುದು ತ್ರಿಕೋನೀಕರಣ, ಯಾವುದು ಅಲ್ಲ

ಬೋವೆನ್ ಆಗಲಿ ಮಿನೂಚಿನ್ ಆಗಲಿ ಬರೆದದ್ದು ಅಮೆರಿಕದ ಕುಟುಂಬಗಳನ್ನು ನೋಡಿ. ನಮ್ಮ ಮನೆಗಳಲ್ಲಿ ಮೂರನೆಯವರ ಮೂಲಕ ಮಾತಾಡುವುದು ಎಷ್ಟೋ ಸಲ ಬರೀ ಅದಬು. ನಮ್ಮ ದಾದಿ ತಮ್ಮ ಮಾವನವರ ಎದುರು ನಿಂತು ಮಾತಾಡಿದವರಲ್ಲ, ಬೇಕಾದದ್ದನ್ನು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದರಂತೆ. ಅದರಲ್ಲಿ ಬಿಗುವಿರಲಿಲ್ಲ, ಮಗುವಿಗೆ ಭಾರವೂ ಇರಲಿಲ್ಲ. ಹಾಗೆಯೇ ಹಿರಿಯರೊಬ್ಬರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ರಾಜಿ ಮಾಡಿಸುವುದೂ ತ್ರಿಕೋನೀಕರಣವಲ್ಲ. ಅಲ್ಲಿ ಇಬ್ಬರ ಮಾತೂ ಇಬ್ಬರಿಗೂ ಕೇಳಿಸುತ್ತದೆ. ಮನಸ್ಸಿಗೆ ಬೇಸರವಾದಾಗ ಗೆಳತಿಯ ಹತ್ತಿರ ಹೇಳಿಕೊಂಡು, ಧೈರ್ಯ ತಂದುಕೊಂಡು, ಹೋಗಿ ನೇರವಾಗಿ ಮಾತಾಡುವುದೂ ಅಲ್ಲ.

ವ್ಯತ್ಯಾಸ ತಿಳಿಯಲು ಮೇಡಂ ಒಂದು ಪ್ರಶ್ನೆ ಹೇಳಿಕೊಟ್ಟರು. ಮೂರನೆಯವರ ಹತ್ತಿರ ಮಾತಾಡಿದ ಮೇಲೆ ಆ ಇಬ್ಬರ ನಡುವಿನ ವಿಷಯ ಒಂದು ಹೆಜ್ಜೆಯಾದರೂ ಮುಂದೆ ಹೋಯಿತೇ? ಹೋದರೆ ಅದು ಸಹಾಯ. ಹೇಳಿದವರಿಗೆ ಹಗುರವಾಗಿ, ಕೇಳಿದವರಿಗೆ ಭಾರವಾಗಿ, ವಿಷಯ ಮಾತ್ರ ಅಲ್ಲೇ ಇದ್ದರೆ ಅದು ತ್ರಿಕೋನೀಕರಣ. “ಇದು ಅವರಿಗೆ ಗೊತ್ತಾಗಬಾರದು” ಎಂಬ ಮಾತು ಜೊತೆಗೆ ಬಂದರೆ ಇನ್ನೂ ಖಚಿತ.

ಹೊರಗೆ ಬರುವುದು: ಮೊದಲು ತಪ್ಪಾಗಿ, ಆಮೇಲೆ ಸರಿಯಾಗಿ

ತರಗತಿಯಿಂದ ಮನೆಗೆ ಬಂದವಳೇ ನಾನು ದೊಡ್ಡ ತಪ್ಪು ಮಾಡಿದೆ. “ನಿಮ್ಮಿಬ್ಬರ ವಿಷಯ ನನಗೆ ಹೇಳಬೇಡಿ, ನಾನು ಮಧ್ಯ ಬರಲ್ಲ” ಎಂದು ಸಿಡುಕಿ ಕೋಣೆ ಸೇರಿದೆ. ಮೂರು ದಿನ ಇಬ್ಬರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಅಮ್ಮಿಯ ಕಣ್ಣಲ್ಲಿ ನೀರು ಬಂತು. ನಾಲ್ಕನೇ ದಿನ ನೋಡಿದರೆ ಅಮ್ಮಿ ಬಾಜಿಯ ಹತ್ತಿರ, ಅಬ್ಬಾ ದಾದಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು. ನಾನು ಖಾಲಿ ಮಾಡಿದ ಜಾಗಕ್ಕೆ ಬೇರೆಯವರು ಬಂದಿದ್ದರು. 10 ತ್ರಿಕೋನಗಳ ಲೆಕ್ಕ ಆಗ ಅರ್ಥವಾಯಿತು. ಒಂದರಲ್ಲಿ ತಡೆದುಕೊಳ್ಳಲಾಗದ ಬಿಗುವು ಪಕ್ಕದ ತ್ರಿಕೋನಕ್ಕೆ ಹರಿಯುತ್ತದೆ.

ಬೋವೆನ್ ಹೇಳುವುದು ದೂರವಾಗಲು ಅಲ್ಲ. ಇಬ್ಬರ ಹತ್ತಿರವೂ ಪ್ರೀತಿಯಿಂದ ಇರಬೇಕು, ಆದರೆ ಅವರ ನಡುವಿನ ಕೆಲಸವನ್ನು ನಾವು ಮಾಡಬಾರದು. ಮೂರನೆಯವರು ಹೀಗೆ ಪಕ್ಷ ಹಿಡಿಯದೆ, ಓಡಿಯೂ ಹೋಗದೆ ಉಳಿದರೆ, ಆ ಇಬ್ಬರು ತಮ್ಮ ವಿಷಯವನ್ನು ತಾವೇ ಸರಿಪಡಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದು ಅವರ ವಾದ.

ಎರಡನೇ ಸಲ ನಾನು ಹೀಗೆ ಮಾಡಿದೆ. ಅಮ್ಮಿ “ತೇರೆ ಅಬ್ಬಾಕು ಬೋಲ್” ಎಂದಾಗ “ಅಮ್ಮಿ, ಅಬ್ಬಾ ಇಲ್ಲೇ ಇದ್ದಾರಲ್ಲ, ನೀವೇ ಕೇಳಿ. ನಾನು ಚಾ ಇಡ್ತೀನಿ” ಎಂದೆ. ಇಡಲು ಹೋದದ್ದು ಮೂರೂ ಲೋಟ. ಚಾ ಕುಡಿಯುವಾಗ ಅಲ್ಲೇ ಕೂತಿದ್ದೆ. ಬೈಕಿನ ಮೇಲೆ ಅಬ್ಬಾ ಶುರು ಮಾಡಿದಾಗ “ಅಬ್ಬಾ, ನಿಮಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಅಮ್ಮಿ ಬಗ್ಗೆ ನಾನು ಏನೂ ಹೇಳಲ್ಲ. ನೀವು ನನಗೆ ಹೇಳಿದ್ದನ್ನು ಅಮ್ಮಿಗೇ ಹೇಳಿದರೆ ಚೆನ್ನಾಗಿರುತ್ತೆ” ಎಂದೆ. ಆಮೇಲೆ ಅಂಗಡಿಯ ವ್ಯಾಪಾರ ಹೇಗಿದೆ ಎಂದು ಕೇಳಿದೆ. ವಿಷಯ ಬೇಡ ಎಂದರೂ ಅಬ್ಬಾ ಬೇಡವಾಗಿಲ್ಲ ಎಂದು ಅವರಿಗೆ ಗೊತ್ತಾಗಬೇಕಿತ್ತು.

ಇದು ಒಂದೇ ಸಲಕ್ಕೆ ಫಲ ಕೊಡುವುದಿಲ್ಲ. ಒಬ್ಬರು ಬದಲಾದರೆ ಉಳಿದವರಿಂದ ಮೂರು ಹಂತದ ಪ್ರತಿಕ್ರಿಯೆ ಬರುತ್ತದೆ ಎಂದು ಬೋವೆನ್ ಬರೆದಿದ್ದಾರೆ: ನೀನು ಮಾಡುತ್ತಿರುವುದು ತಪ್ಪು, ಮೊದಲಿನ ಹಾಗೆ ಆಗು, ಆಗದಿದ್ದರೆ ಹೀಗಾಗುತ್ತದೆ. ನನಗೂ ಮೂರೂ ಬಂದವು. “ಕಾಲೇಜಿಗೆ ಹೋಗಿ ನಾಲಿಗೆ ಉದ್ದ ಆಗಿದೆ” ಎಂದರು ಅಮ್ಮಿ. “ಮೊದಲು ಎಷ್ಟು ಚೆನ್ನಾಗಿ ಮಾತು ಕೇಳ್ತಿದ್ದೆ” ಎಂದರು. ಇನ್ನೊಂದು ದಿನ “ಆಯ್ತು, ಇನ್ನು ನಿನ್ನ ಹತ್ತಿರ ಏನೂ ಹೇಳಲ್ಲ ಬಿಡು” ಎಂದರು. ಆ ಮಾತೇ ಹೆಚ್ಚು ಕಷ್ಟದ್ದು. ಮತ್ತೆ ಹಳೆಯ ಹಾಗೆ ಆಗಿಬಿಡೋಣ ಎನಿಸಿತು. ಇದು ಬರುತ್ತದೆ ಎಂದು ಓದಿದ್ದರಿಂದ ತಡೆದುಕೊಂಡೆ. ಅಮ್ಮಿಯ ಪಕ್ಕ ಕೂತು ಬ್ಲೌಸಿಗೆ ಹುಕ್ ಹಚ್ಚಿಕೊಟ್ಟೆ, ಬೇರೆ ಮಾತೆಲ್ಲ ಆಡಿದೆ.

ಸುಮಾರು ಎರಡು ವಾರ ಕಳೆದ ಮೇಲೆ, ಒಂದು ರಾತ್ರಿ ಕರೆಂಟು ಹೋಗಿದ್ದಾಗ, ಅಮ್ಮಿ ಮತ್ತು ಅಬ್ಬಾ ಮಹಡಿಯ ಮೇಲೆ ಹೋಗಿ ಮಾತಾಡಿದರು. ಅದರ ಸ್ವಲ್ಪ ಭಾಗವನ್ನು ಇಬ್ಬರೂ ಆಮೇಲೆ ನಮ್ಮೆಲ್ಲರ ಎದುರು ಹೇಳಿದರು. ಚಾಚಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿತ್ತು, ಅದಕ್ಕೆ ಹಣ ಕೊಟ್ಟಿದ್ದರು. ತಿಂಗಳೊಳಗೆ ವಾಪಸ್ ಬರುತ್ತದೆ, ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಅಬ್ಬಾ ನಂಬಿದ್ದರು. ಬರದಿದ್ದಾಗ ನಾಚಿಕೆಯಾಗಿ ಬಾಯಿ ಕಟ್ಟಿತು. ಅಮ್ಮಿಗೆ ನೋವಾದದ್ದು ಹಣ ಕೊಟ್ಟದ್ದಕ್ಕಲ್ಲ. ಕೇಳಿದ್ದರೆ ತಾನೇ ಕೊಡುತ್ತಿದ್ದೆ, ಅದನ್ನು ಫುಫ್ಫಿಯ ಬಾಯಿಂದ ಕೇಳಬೇಕಾಯಿತಲ್ಲ ಎಂದು. ಈ ಎರಡು ಮಾತು ಆಡಲು ಹತ್ತು ನಿಮಿಷ ಸಾಕಿತ್ತು. ನನ್ನ ಮೂಲಕ ನಾಲ್ಕು ತಿಂಗಳಾದರೂ ಆಡಲಾಗಲಿಲ್ಲ.

ಎಲ್ಲ ಸರಿಹೋಯಿತು ಎಂದಲ್ಲ. ಹಣದಲ್ಲಿ 15,000 ಮಾತ್ರ ಇದುವರೆಗೆ ವಾಪಸ್ ಬಂದಿದೆ. ಬಾಜಿ ಒಂದು ವರ್ಷ ಕಾಯುತ್ತಿದ್ದಾಳೆ. ಈಗಲೂ ಕೆಲವೊಮ್ಮೆ ಅಮ್ಮಿ ನನ್ನ ಕಡೆ ತಿರುಗಿ “ತೇರೆ ಅಬ್ಬಾಕು…” ಎಂದು ಶುರು ಮಾಡುತ್ತಾರೆ, ಆಮೇಲೆ ತಾವೇ ನಿಲ್ಲಿಸಿ ಅಬ್ಬಾ ಕಡೆ ತಿರುಗುತ್ತಾರೆ.

ಯಾವಾಗ ಇದು ಸಾಲದು

ಮೇಡಂ ಒತ್ತಿ ಹೇಳಿದ ಒಂದು ಮಾತು ಬಿಡಬಾರದು. ನಾನು ಬರೆದದ್ದೆಲ್ಲ ಬಿಗುವು, ಮೌನ, ಮುನಿಸು ಇರುವ ಮನೆಗೆ. ಮನೆಯಲ್ಲಿ ಹೊಡೆತ, ಬೆದರಿಕೆ, ಕುಡಿತದ ಹಿಂಸೆ ಇದ್ದರೆ “ನೀವೇ ಮಾತಾಡಿಕೊಳ್ಳಿ” ಎಂದು ಹಿಂದೆ ಸರಿಯುವುದು ಸರಿಯಲ್ಲ. ಅಲ್ಲಿ ಇಬ್ಬರೂ ಸಮಾನ ಬಲದಲ್ಲಿ ಇರುವುದಿಲ್ಲ. ನಂಬಿಕೆಯ ದೊಡ್ಡವರಿಗೆ, ಉಪನ್ಯಾಸಕರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳುವುದು ತ್ರಿಕೋನೀಕರಣವಲ್ಲ, ಅದು ರಕ್ಷಣೆ. ಆ ಸಹಾಯವಾಣಿ 18 ವರ್ಷದೊಳಗಿನ ನಮಗೆಲ್ಲ ಇರುವುದೇ.

ಇನ್ನೊಂದು ಮಾತು. ತಂದೆ ತಾಯಿ ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ಯಾರೂ ಓದಿಕೊಳ್ಳಬೇಡಿ. ಅಮ್ಮಿಗೆ ನಾನು ಕಷ್ಟದಲ್ಲಿದ್ದೇನೆ ಎಂದೇ ಗೊತ್ತಿರಲಿಲ್ಲ. ಚೆನ್ನಾಗಿ ನಗುತ್ತಾ ಸುದ್ದಿ ಒಯ್ಯುತ್ತಿದ್ದವಳು ನಾನೇ. ಸಸ್ಪೆನ್ಸ್ ಅಕೌಂಟ್ ತಾನಾಗಿ ಹುಟ್ಟುವುದಿಲ್ಲ, ಸರಿ. ಆದರೆ ಈ ಖಾತೆಗೆ ಬಾಯಿ ಇದೆ.

ಈ ಲೇಖನ ಅಚ್ಚಿಗೆ ಕೊಡುವ ಮೊದಲು ಇಬ್ಬರ ಒಪ್ಪಿಗೆಯನ್ನೂ ಕೇಳಿದೆ. ಅಡುಗೆ ಮನೆಯಲ್ಲಿ ಅಮ್ಮಿಗೆ ಓದಿ, ಅರ್ಥ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ಕೊಡು, ಬೇರೆ ಮಕ್ಕಳಿಗೆ ಉಪಯೋಗ ಆಗುತ್ತೆ. ನಿನ್ನ ಅಬ್ಬಾಗೂ ನಾನೇ ಹೇಳ್ತೀನಿ” ಎಂದರು. “ಬೇಡ ಅಮ್ಮಿ, ಅಬ್ಬಾರನ್ನು ನಾನೇ ಕೇಳ್ತೀನಿ” ಎಂದು ಅಂಗಡಿಗೆ ನಡೆದೆ.